ಎರಡು ಟ್ಯಾಬು, ಒಂದೇ ಆರ್ಡರು

‘ದಯವಿಟ್ಟು ಬ್ಯಾಕ್ ಬಟನ್ ಒತ್ತಬೇಡಿ, ಪುಟವನ್ನು ರಿಫ್ರೆಶ್ ಮಾಡಬೇಡಿ.’ ಆನ್‌ಲೈನಿನಲ್ಲಿ ಟಿಕೆಟ್ಟೋ ಸೀರೆಯೋ ಕೊಂಡು ಹಣ ಕಟ್ಟುವ ಹೊತ್ತಿಗೆ ಪರದೆಯ ಮೇಲೆ ಈ ಸಾಲನ್ನು ಕಾಣದವರು ಕಡಿಮೆ. ಓದಿದ ಕೂಡಲೇ ಕೈ ಹಿಂಜರಿಯುತ್ತದೆ, ಫೋನನ್ನು ಮುಟ್ಟಲೂ ಅಂಜಿಕೆಯಾಗುತ್ತದೆ. ವೆಬ್ ತಾಣಗಳನ್ನು ಪರೀಕ್ಷಿಸುವುದು ನನ್ನ ಕಸುಬು. ಆ ಸಾಲು ಕಂಡಾಗಲೆಲ್ಲ ನನಗನ್ನಿಸುವುದು ಒಂದೇ: ತಾಣವನ್ನು ಕಟ್ಟಿದವರು ತಾವು ಹೊರಬೇಕಾದ ಹೊರೆಯನ್ನು ಗ್ರಾಹಕರ ಹೆಗಲಿಗೆ ಹಾಕಿದ್ದಾರೆ. ಬ್ಯಾಕ್ ಮತ್ತು ರಿಫ್ರೆಶ್ ಬಟನ್‌ಗಳು ಬ್ರೌಸರಿನಲ್ಲಿ ಇರುವುದೇ ಒತ್ತುವುದಕ್ಕೆ. ನೆಟ್‌ವರ್ಕ್ ನಿಂತರೆ ಜನ ರಿಫ್ರೆಶ್ ಮಾಡುತ್ತಾರೆ. ವಿಳಾಸ ಸರಿಯಾಗಿ ಬರೆದೆನೋ ಇಲ್ಲವೋ ಎಂಬ ಅನುಮಾನ ಬಂದರೆ ಹಿಂದಿನ ಪುಟಕ್ಕೆ ಹೋಗುತ್ತಾರೆ. ಬೇರೆ ಬಣ್ಣ ಇದೆಯೇ ನೋಡೋಣವೆಂದು ಮತ್ತೊಂದು ಟ್ಯಾಬ್ ತೆರೆಯುತ್ತಾರೆ. ಇವು ಮೂರನ್ನೂ ತಾಳಿಕೊಳ್ಳುವಂತೆ ತಾಣವನ್ನು ಕಟ್ಟಲು ಬರುತ್ತದೆ. ಹಾಗೆ ಕಟ್ಟಿದ್ದಾರೆಯೇ ಎಂಬುದನ್ನು ಪರೀಕ್ಷಿಸಿ ತಿಳಿಯಲೂ ಬರುತ್ತದೆ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಇಳಕಲ್ ಸೀರೆ ಮಾರುವ ಸಣ್ಣ ಆನ್‌ಲೈನ್ ಅಂಗಡಿ ಅದು. ಕೊಳ್ಳುವ ದಾರಿಯಲ್ಲಿ ಐದು ಪುಟಗಳಿವೆ: ಕಾರ್ಟ್, ವಿಳಾಸ, ಡೆಲಿವರಿ, ಪಾವತಿ, ಕೊನೆಯಲ್ಲಿ ‘ನಿಮ್ಮ ಆರ್ಡರ್ ಆಗಿದೆ’ ಎಂದು ಹೇಳುವ ಪುಟ. ಧಾರವಾಡದ ಶಿಕ್ಷಕಿಯೊಬ್ಬರು ₹3,200ರ ಸೀರೆ ಆರಿಸಿದ್ದಾರೆ. ಕರ್ನಾಟಕದೊಳಗೆ ಡೆಲಿವರಿ ಶುಲ್ಕ ₹60, ಹೊರರಾಜ್ಯಕ್ಕೆ ₹110. ಪಾವತಿ ಪುಟದಲ್ಲಿ ಒಟ್ಟು ₹3,260 ಎಂದು ಕಾಣುತ್ತಿದೆ.

ಈ ಅಂಗಡಿಯನ್ನು ಪರೀಕ್ಷಿಸಲು ಕೂತವರು ಬಟನ್‌ಗಳು ಕೆಲಸ ಮಾಡುತ್ತವೆಯೇ ಎಂದಷ್ಟೇ ನೋಡಿದರೆ ಸಾಲದು. ಎರಡು ಮಾತು ಎಲ್ಲ ಸಂದರ್ಭದಲ್ಲೂ ನಿಜವಾಗಿ ಉಳಿಯುತ್ತವೆಯೇ ಎಂದು ನೋಡಬೇಕು. ‘ಹಣ ಕಟ್ಟಿ’ ಒತ್ತುವ ಗಳಿಗೆಯಲ್ಲಿ ಆಕೆಯ ಕಣ್ಣೆದುರು ಯಾವ ಸೀರೆ, ಯಾವ ವಿಳಾಸ, ಯಾವ ಮೊತ್ತ ಇತ್ತೋ ಅದೇ ಆರ್ಡರ್ ಆಗಬೇಕು, ಅಷ್ಟೇ ಹಣ ಕಡಿತವಾಗಬೇಕು. ಮತ್ತು ಆಕೆ ಒಂದು ಸಲ ಕೊಳ್ಳಬೇಕೆಂದುಕೊಂಡರೆ ಒಂದೇ ಆರ್ಡರ್ ಆಗಬೇಕು. ಮುಂದೆ ಹೇಳುವ ಎಲ್ಲ ಪರೀಕ್ಷೆಗಳೂ ಈ ಎರಡು ಮಾತನ್ನು ಮುರಿಯಲು ಮಾಡುವ ಪ್ರಯತ್ನಗಳೇ.

ಅವು ಮುರಿಯಲು ಕಾರಣ ಸರಳವಾದದ್ದು. ಕೊಳ್ಳುವ ದಾರಿಯಲ್ಲಿ ಎಲ್ಲಿದ್ದೇವೆ ಎಂಬ ಲೆಕ್ಕವನ್ನು ಎರಡು ಕಡೆ ಇಟ್ಟಿರುತ್ತಾರೆ. ಒಂದು ಅಂಗಡಿಯ ಸರ್ವರಿನಲ್ಲಿ, ಇನ್ನೊಂದು ಗ್ರಾಹಕರ ಬ್ರೌಸರಿನಲ್ಲಿ. ಬ್ರೌಸರ್ ತಾನಾಗಿ ಏನಾದರೂ ಕೇಳಿದಾಗ ಮಾತ್ರ ಸರ್ವರಿಗೆ ಸುದ್ದಿ ಮುಟ್ಟುತ್ತದೆ. ಗ್ರಾಹಕರು ಬ್ಯಾಕ್ ಒತ್ತಿದರೆ ಬ್ರೌಸರ್ ತನ್ನ ಬಳಿ ಇಟ್ಟುಕೊಂಡಿದ್ದ ಹಳೆಯ ಪುಟವನ್ನೇ ಎತ್ತಿ ತೋರಿಸಬಹುದು. ಆಗ ಸರ್ವರಿಗೆ ಏನೂ ಗೊತ್ತಾಗುವುದಿಲ್ಲ. ಒಂದು ಕಡೆಯ ಲೆಕ್ಕ ಮುಂದೆ ಹೋಗಿರುತ್ತದೆ, ಇನ್ನೊಂದು ಕಡೆಯದು ಹಿಂದೆ ಉಳಿದಿರುತ್ತದೆ.

ಮೊದಲು ಬ್ಯಾಕ್ ಬಟನ್ ನೋಡೋಣ. ಶಿಕ್ಷಕಿ ಪಾವತಿ ಪುಟದಲ್ಲಿದ್ದಾರೆ. ಬ್ಯಾಕ್ ಒತ್ತಿದರೆ ಡೆಲಿವರಿ ಪುಟಕ್ಕೆ ಬರಬೇಕು, ತುಂಬಿದ ವಿವರಗಳು ಹಾಗೇ ಇರಬೇಕು. ಇಷ್ಟೂ ಆಗದ ತಾಣಗಳಿವೆ. ಐದೂ ಹಂತಗಳನ್ನು ಒಂದೇ ವೆಬ್ ವಿಳಾಸದಲ್ಲಿ, ಜಾವಾಸ್ಕ್ರಿಪ್ಟಿನಿಂದ ಒಂದನ್ನು ಮುಚ್ಚಿ ಇನ್ನೊಂದನ್ನು ತೋರಿಸುತ್ತ ಹೋಗಿದ್ದರೆ ಬ್ರೌಸರಿನ ಪಾಲಿಗೆ ಅದು ಒಂದೇ ಪುಟ. ಬ್ಯಾಕ್ ಒತ್ತಿದ ಕೂಡಲೇ ಇಡೀ ದಾರಿಯಿಂದಲೇ ಹೊರಬಿದ್ದು ಅಂಗಡಿಯ ಮುಖಪುಟಕ್ಕೋ ಗೂಗಲ್‌ಗೋ ಹೋಗಿಬಿಡುತ್ತಾರೆ, ಬರೆದ ವಿಳಾಸವೆಲ್ಲ ಮಾಯ. ಪ್ರತಿ ಹಂತಕ್ಕೂ `history.pushState` ಮೂಲಕ ಬ್ರೌಸರಿನ ಇತಿಹಾಸದಲ್ಲಿ ಒಂದು ಗುರುತು ಹಾಕುವುದು ಇದಕ್ಕೆ ಪರಿಹಾರ. ಕೆಲವರು ಇದೇ ಸವಲತ್ತನ್ನು ಬಳಸಿ ಬ್ಯಾಕ್ ಒತ್ತಿದರೂ ಅದೇ ಪುಟಕ್ಕೆ ಮರಳಿ ಬರುವಂತೆ ಗ್ರಾಹಕರನ್ನು ಕಟ್ಟಿಹಾಕುತ್ತಾರೆ. ಅದು ಪರಿಹಾರವಲ್ಲ, ಗ್ರಾಹಕರಿಗೆ ಮಾಡುವ ಅನ್ಯಾಯ.

ನಿಜವಾದ ತೊಂದರೆ ಬ್ಯಾಕ್ ಒತ್ತಿದಾಗ ಅಲ್ಲ, ಅದರ ನಂತರ ಬರುತ್ತದೆ. ಶಿಕ್ಷಕಿ ಬ್ಯಾಕ್ ಒತ್ತುತ್ತ ವಿಳಾಸದ ಪುಟಕ್ಕೆ ಬಂದರು. ಸೀರೆ ಪುಣೆಯಲ್ಲಿರುವ ತಂಗಿಗೆ ಹೋಗಲಿ ಎಂದು ವಿಳಾಸ ಬದಲಿಸಿ ‘ಉಳಿಸಿ’ ಎಂದರು. ಈಗ ಡೆಲಿವರಿ ಶುಲ್ಕ ₹110, ಒಟ್ಟು ₹3,310 ಆಗಬೇಕು. ಅಂಗಡಿಯ ‘ಮುಂದೆ’ ಬಟನ್ ಒತ್ತುತ್ತ ಹೋದರೆ ಲೆಕ್ಕ ಹೊಸದಾಗಿ ಆಗುತ್ತದೆ, ತೊಂದರೆಯಿಲ್ಲ. ಹೆಚ್ಚಿನ ಪರೀಕ್ಷಕರು ಇಲ್ಲಿಗೆ ನಿಲ್ಲಿಸುತ್ತಾರೆ. ಆದರೆ ‘ಉಳಿಸಿ’ ಎಂದಾಗ ವಿಳಾಸದ ಪುಟದಲ್ಲೇ ಉಳಿಯುವ ತಾಣದಲ್ಲಿ ‘ಮುಂದೆ’ ಒತ್ತದೆ, ಬ್ರೌಸರಿನ ಫಾರ್ವರ್ಡ್ ಬಾಣದ ಗುರುತಿನಿಂದಲೇ ಪಾವತಿ ಪುಟಕ್ಕೆ ಬಂದು ನೋಡಿ. ಮೊದಲು ತೆರೆದಿದ್ದ ಹಳೆಯ ಪಾವತಿ ಪುಟ, ಹಳೆಯ ₹3,260ರ ಸಮೇತ ಎದುರಿಗೆ ಬರುವ ಸಂಭವವಿದೆ. ಅಲ್ಲಿ ‘ಹಣ ಕಟ್ಟಿ’ ಒತ್ತಿದರೆ ಎಷ್ಟು ಕಡಿತವಾಗುತ್ತದೆ? ಸರ್ವರ್ ತನ್ನ ಲೆಕ್ಕ ಹಿಡಿದರೆ ₹3,310, ಅಂದರೆ ಕಂಡದ್ದೊಂದು ಕಟ್ಟಿದ್ದೊಂದು. ಪುಟ ಕಳಿಸಿದ ಮೊತ್ತವನ್ನೇ ನಂಬಿದರೆ ₹3,260, ಆಗ ₹50 ಅಂಗಡಿಗೆ ನಷ್ಟ. ಎರಡನೆಯದು ಇನ್ನೂ ಅಪಾಯಕಾರಿ. ಪುಟದಿಂದ ಬಂದ ಮೊತ್ತವನ್ನು ನಂಬುವ ಅಂಗಡಿಗೆ ಯಾರು ಬೇಕಾದರೂ ₹10 ಎಂದು ತಿದ್ದಿ ಕಳಿಸಬಹುದು.

ಹಳೆಯ ಪುಟ ಹೀಗೆ ಜೀವಂತವಾಗಿ ಎದ್ದು ಬರುವುದಕ್ಕೆ ಬ್ರೌಸರುಗಳ ಒಂದು ಸೌಲಭ್ಯ ಕಾರಣ. ನಾವು ಬಿಟ್ಟುಬಂದ ಪುಟವನ್ನು ಅವು ಅಳಿಸುವುದಿಲ್ಲ. ಅದರಲ್ಲಿ ಓಡುತ್ತಿದ್ದ ಜಾವಾಸ್ಕ್ರಿಪ್ಟಿನ ಸಮೇತ ನೆನಪಿನಲ್ಲಿ ಹೆಪ್ಪುಗಟ್ಟಿಸಿ ಇಟ್ಟುಕೊಂಡು, ಬ್ಯಾಕ್ ಅಥವಾ ಫಾರ್ವರ್ಡ್ ಒತ್ತಿದಾಗ ಇದ್ದಕ್ಕಿದ್ದ ಹಾಗೆ ತೋರಿಸುತ್ತವೆ. ಇದರ ಹೆಸರು ಬಿಎಫ್‌ಕ್ಯಾಶ್. ಫೈರ್‌ಫಾಕ್ಸ್ ಮತ್ತು ಸಫಾರಿಯಲ್ಲಿ ಬಹಳ ಹಿಂದಿನಿಂದ ಇದ್ದ ಇದು ಕ್ರೋಮ್‌ನಲ್ಲಿ 2020ರಲ್ಲಿ ಆಂಡ್ರಾಯ್ಡ್ ಫೋನುಗಳಿಗೆ, 2021ರಲ್ಲಿ ಕಂಪ್ಯೂಟರುಗಳಿಗೆ ಬಂತು. ಪುಟಗಳು ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯುವುದರಿಂದ ಓದುಗರಿಗೆ ಒಳ್ಳೆಯದೇ ಆಯಿತು, ಆದರೆ ಪಾವತಿ ಪುಟ ಕಟ್ಟುವವರು ಇದನ್ನು ಗಮನದಲ್ಲಿಡಬೇಕು.

ಇದರಿಂದ ಹುಟ್ಟುವ ಒಂದು ದೋಷವನ್ನು ನಾನು ಬೇರೆ ಬೇರೆ ತಾಣಗಳಲ್ಲಿ ಕಂಡಿದ್ದೇನೆ. ಎರಡು ಸಲ ಒತ್ತಬಾರದೆಂದು ‘ಹಣ ಕಟ್ಟಿ’ ಬಟನ್ನನ್ನು ಮೊದಲ ಒತ್ತಿಗೇ ನಿಷ್ಕ್ರಿಯಗೊಳಿಸಿ, ‘ಕಾಯಿರಿ’ ಎಂದು ಸುತ್ತುವ ಚಕ್ರ ತೋರಿಸಿರುತ್ತಾರೆ. ಗ್ರಾಹಕರು ಬ್ಯಾಂಕಿನ ಪುಟಕ್ಕೆ ಹೋಗಿ, ಮನಸ್ಸು ಬದಲಿಸಿ ಬ್ಯಾಕ್ ಒತ್ತುತ್ತಾರೆ. ಹೆಪ್ಪುಗಟ್ಟಿದ್ದ ಪುಟ ಅದೇ ಸ್ಥಿತಿಯಲ್ಲಿ ಏಳುತ್ತದೆ: ಚಕ್ರ ಸುತ್ತುತ್ತಲೇ ಇದೆ, ಬಟನ್ ಸತ್ತಿದೆ. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಪಾವತಿ ಪುಟ ಹೀಗೆ ಎದ್ದು ಬಂದಾಗ ಸರ್ವರಿನಿಂದ ಹೊಸ ಲೆಕ್ಕ ತರಿಸುವುದಕ್ಕೆ ಇಷ್ಟು ಸಾಕು:

```
window.addEventListener('pageshow', (e) => {
  if (e.persisted) location.reload();
});
```

ಪರೀಕ್ಷಕರು ತಿಳಿದಿರಬೇಕಾದ ಸಂಗತಿಯೊಂದು ಇಲ್ಲಿದೆ. ಬ್ರೌಸರನ್ನು ತಾನಾಗಿ ಓಡಿಸಿ ಪರೀಕ್ಷಿಸುವ ಪ್ಲೇರೈಟ್ ಎಂಬ ಜನಪ್ರಿಯ ಸಾಧನವು ಕ್ರೋಮಿಯಂ ಬ್ರೌಸರನ್ನು `--disable-back-forward-cache` ಎಂಬ ಸೂಚನೆಯೊಂದಿಗೆ ತೆರೆಯುತ್ತದೆ, ಅಂದರೆ ಬಿಎಫ್‌ಕ್ಯಾಶನ್ನು ಮೊದಲೇ ಆರಿಸಿಬಿಡುತ್ತದೆ. ಹೀಗಾಗಿ ರಾತ್ರಿಯಿಡೀ ಓಡಿದ ಸ್ವಯಂಚಾಲಿತ ಪರೀಕ್ಷೆಗಳೆಲ್ಲ ಹಸಿರು ತೋರಿಸಿದರೂ ಗ್ರಾಹಕರ ಫೋನಿನಲ್ಲಿ ಬಟನ್ ಸತ್ತೇ ಇರಬಹುದು. ಬ್ಯಾಕ್ ಪರೀಕ್ಷೆಯನ್ನು ಸಾಧಾರಣ ಫೋನಿನಲ್ಲಿ, ಕೈಯಿಂದಲೇ ಮಾಡಬೇಕು. ಪುಟದೊಳಗಿನ ‘ಹಿಂದೆ’ ಬಟನ್, ಬ್ರೌಸರಿನ ಬಾಣ, ಫೋನಿನ ಅಂಚಿನಿಂದ ಬೆರಳೆಳೆಯುವುದು, ಮೂರನ್ನೂ ಬೇರೆ ಬೇರೆಯಾಗಿ ಮಾಡಿ ನೋಡಬೇಕು. ಆರ್ಡರ್ ಮುಗಿದ ಮೇಲೂ ಒಮ್ಮೆ ಬ್ಯಾಕ್ ಒತ್ತಬೇಕು. ಆಗ ‘ಈ ಆರ್ಡರ್ ಆಗಲೇ ಆಗಿದೆ’ ಎಂಬ ಮಾತು, ಆರ್ಡರ್ ಸಂಖ್ಯೆಯ ಜೊತೆಗೆ, ಕಾಣಬೇಕೇ ಹೊರತು ಇನ್ನೊಮ್ಮೆ ಹಣ ಕಟ್ಟಲು ಕರೆಯುವ ಪುಟವಲ್ಲ.

ರಿಫ್ರೆಶ್‌ನದು ಬೇರೆ ಕಥೆ. ಗ್ರಾಹಕರು ಫಾರಂ ತುಂಬಿ ಒತ್ತಿದಾಗ ಬ್ರೌಸರ್ ಸರ್ವರಿಗೆ ಪೋಸ್ಟ್ ಎಂಬ ಬಗೆಯ ಕೋರಿಕೆ ಕಳಿಸುತ್ತದೆ. ಅದಕ್ಕೆ ಉತ್ತರವಾಗಿ ಸರ್ವರ್ ನೇರವಾಗಿ ‘ಆರ್ಡರ್ ಆಯಿತು’ ಪುಟವನ್ನೇ ಕೊಟ್ಟರೆ, ಆ ಪುಟವನ್ನು ರಿಫ್ರೆಶ್ ಮಾಡುವುದೆಂದರೆ ಅದೇ ಕೋರಿಕೆಯನ್ನು ಮತ್ತೆ ಕಳಿಸುವುದೆಂದೇ ಅರ್ಥ. ಫಾರಂ ಮತ್ತೆ ಕಳಿಸಲೇ ಎಂದು ಬ್ರೌಸರ್ ಕೇಳುವುದು ಆಗಲೇ. ಕೇಳಿದ್ದು ಅರ್ಥವಾಗದೆ ಜನ ಹೌದು ಎನ್ನುತ್ತಾರೆ, ಇನ್ನೊಂದು ಆರ್ಡರ್ ಬೀಳುತ್ತದೆ. ಇದರ ಮದ್ದು 1990ರ ದಶಕದಿಂದಲೂ ಇದೆ. ಪೋಸ್ಟ್ ಬಂದಾಗ ಸರ್ವರ್ ಆರ್ಡರನ್ನು ಬರೆದುಕೊಂಡು, ಪುಟ ಕೊಡುವ ಬದಲು 303 ಎಂಬ ಉತ್ತರ ಕೊಟ್ಟು, ‘ಈ ಇನ್ನೊಂದು ವಿಳಾಸಕ್ಕೆ ಹೋಗಿ ನೋಡು’ ಎನ್ನುತ್ತದೆ. ಬ್ರೌಸರ್ ಆ ವಿಳಾಸದಿಂದ ಪುಟ ತರುತ್ತದೆ. ಆ ಪುಟವನ್ನು ನೂರು ಸಲ ರಿಫ್ರೆಶ್ ಮಾಡಿದರೂ ಓದಿದಂತಾಗುತ್ತದೆಯೇ ಹೊರತು ಬರೆದಂತಾಗುವುದಿಲ್ಲ. ಪರೀಕ್ಷಿಸುವುದು ಸುಲಭ: ಬ್ರೌಸರಿನ ಡೆವಲಪರ್ ಪರದೆಯಲ್ಲಿ `Network` ತೆರೆದು, `Preserve log` ಗುರುತು ಹಾಕಿ, ಹಣ ಕಟ್ಟಿ. ಪೋಸ್ಟ್ ಎದುರು 303, ಅದರ ಕೆಳಗೆ ಗೆಟ್ ಎದುರು 200 ಕಾಣಬೇಕು. ರಿಫ್ರೆಶ್ ಮಾಡಿದಾಗ ಪಾವತಿಯ ಪೋಸ್ಟ್ ಮತ್ತೆ ಕಾಣಿಸಿಕೊಳ್ಳಬಾರದು.

ಇಷ್ಟು ಮಾಡಿ ‘ನಮ್ಮಲ್ಲಿ ಎರಡು ಸಲ ಆರ್ಡರ್ ಆಗುವುದೇ ಇಲ್ಲ’ ಎಂದು ನೆಮ್ಮದಿಯಾಗುವವರನ್ನು ನೋಡಿದ್ದೇನೆ. ಆದರೆ 303 ಕಾಯುವುದು ಉತ್ತರ ಬಂದ ನಂತರದ ರಿಫ್ರೆಶ್ ಅನ್ನು. ಉತ್ತರ ಬರುವ ಮೊದಲೇ ರಿಫ್ರೆಶ್ ಮಾಡಿದರೆ? ಶಿಕ್ಷಕಿ ‘ಹಣ ಕಟ್ಟಿ’ ಒತ್ತಿದರು. ಕೋರಿಕೆ ಸರ್ವರಿಗೆ ತಲುಪಿತು, ಹಣವೂ ಕಡಿತವಾಯಿತು, ಉತ್ತರ ಮಾತ್ರ ನೆಟ್‌ವರ್ಕಿನಲ್ಲಿ ಎಲ್ಲೋ ಸಿಕ್ಕಿಕೊಂಡಿತು. ಹತ್ತು ಸೆಕೆಂಡು ಕಾದು ಅವರು ಪಾವತಿ ಪುಟವನ್ನು ಮತ್ತೆ ತೆರೆದರು. ಅಲ್ಲಿ ಹೊಚ್ಚಹೊಸ ಬಟನ್ ಇದೆ. ನಿಷ್ಕ್ರಿಯಗೊಂಡ ಹಳೆಯ ಬಟನ್ ಹಳೆಯ ಪುಟದೊಂದಿಗೇ ಹೋಯಿತು. ಅವರು ಮತ್ತೆ ಒತ್ತುತ್ತಾರೆ. ಅವರ ಜಾಗದಲ್ಲಿ ಯಾರಿದ್ದರೂ ಒತ್ತುತ್ತಾರೆ.

ಇಲ್ಲಿ ಬೇಕಾಗುವುದು ‘ಇದು ಅದೇ ಕೋರಿಕೆ, ಹೊಸದಲ್ಲ’ ಎಂದು ಸರ್ವರ್ ಗುರುತಿಸುವಂತೆ ಮಾಡುವ ಒಂದು ಸಂಖ್ಯೆ. ದರ್ಶಿನಿಯಲ್ಲಿ ದೋಸೆಗೆ ಕೊಡುವ ಟೋಕನ್ ಇದ್ದ ಹಾಗೆ: ಕೌಂಟರಿಗೆ ಎಷ್ಟು ಸಲ ಹೋಗಿ ತೋರಿಸಿದರೂ ಒಂದು ಟೋಕನ್ನಿಗೆ ಒಂದೇ ದೋಸೆ. ಪಾವತಿ ಕಂಪನಿಗಳು ಇದನ್ನು ಐಡೆಂಪೊಟೆನ್ಸಿ ಕೀ ಎನ್ನುತ್ತವೆ. ಸ್ಟ್ರೈಪ್ ಕಂಪನಿಯ ವ್ಯವಸ್ಥೆಯಲ್ಲಿ ಕೋರಿಕೆಯ ಜೊತೆ `Idempotency-Key` ಎಂಬ ಹೆಸರಿನಲ್ಲಿ ಇದನ್ನು ಕಳಿಸಬಹುದು. ಅದೇ ಕೀ ಮತ್ತೆ ಬಂದರೆ ಮತ್ತೆ ಹಣ ಕಡಿಯದೆ ಮೊದಲಿನ ಉತ್ತರವನ್ನೇ ಮರಳಿ ಕೊಡುತ್ತಾರೆ.

ಕೀ ಇದ್ದರೆ ಸಾಕೆಂದುಕೊಂಡರೆ ಅದೂ ಮೋಸ ಹೋದಂತೆಯೇ. ಕೀ ಎಲ್ಲಿ, ಯಾವಾಗ ಹುಟ್ಟುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಪುಟ ತೆರೆದಾಗಲೆಲ್ಲ ಹೊಸ ಕೀ ಮಾಡುವ ತಾಣಗಳಿವೆ. ಬಟನ್ ಒತ್ತಿದಾಗ ಜಾವಾಸ್ಕ್ರಿಪ್ಟ್ ಹೊಸ ಕೀ ಮಾಡುವ ತಾಣಗಳೂ ಇವೆ. ಅಂಥಲ್ಲಿ ರಿಫ್ರೆಶ್ ಮಾಡಿದ ಗ್ರಾಹಕರಿಗೆ ಎರಡನೆಯ ಟೋಕನ್ ಸಿಕ್ಕಂತಾಯಿತು, ಎರಡನೆಯ ಆರ್ಡರಿಗೆ ಬಾಗಿಲು ತೆರೆದಂತಾಯಿತು. ಗ್ರಾಹಕರು ಕೊಳ್ಳಲು ಹೊರಟ ಗಳಿಗೆಯಲ್ಲೇ ಸರ್ವರ್ ಒಂದು `checkout_id` ಸೃಷ್ಟಿಸಿ, ಆರ್ಡರ್ ಮುಗಿಯುವವರೆಗೂ ಅದನ್ನೇ ಉಳಿಸಿಕೊಳ್ಳಬೇಕು. ಪರೀಕ್ಷೆ ಅರ್ಧ ನಿಮಿಷದ್ದು: ಪಾವತಿ ಪುಟದಿಂದ ಹೋಗುವ ಕೋರಿಕೆಯಲ್ಲಿ ಆ ಸಂಖ್ಯೆ ಏನಿದೆ ನೋಡಿ, ರಿಫ್ರೆಶ್ ಮಾಡಿ, ಮತ್ತೆ ನೋಡಿ. ಬದಲಾಗಿದ್ದರೆ ದೋಷ ಸಿಕ್ಕಿತು. ಇದರ ಮೇಲೆ ಡೇಟಾಬೇಸಿನಲ್ಲೂ ಒಂದು ಕಟ್ಟುಪಾಡು ಇರಬೇಕು, ಏಕೆಂದರೆ ಎರಡು ಕೋರಿಕೆಗಳು ಒಂದೇ ಕ್ಷಣದಲ್ಲಿ ಬಂದರೆ ಪ್ರೋಗ್ರಾಮಿನ ‘ಆಗಲೇ ಇದೆಯೇ?’ ಎಂಬ ಪ್ರಶ್ನೆಗೆ ಎರಡಕ್ಕೂ ‘ಇಲ್ಲ’ ಎಂಬ ಉತ್ತರ ಸಿಗುತ್ತದೆ:

```
CREATE UNIQUE INDEX one_order_per_checkout
ON orders (checkout_id);
```

ಕೀ ವಿಷಯದಲ್ಲಿ ಇನ್ನೊಂದು ತೊಡಕಿದೆ. ಕಾರ್ಡಿನಲ್ಲಿ ಹಣ ಸಾಲದೆ ಪಾವತಿ ತಿರಸ್ಕೃತವಾಯಿತು ಎಂದುಕೊಳ್ಳಿ. ಗ್ರಾಹಕರು ಬೇರೆ ಕಾರ್ಡ್ ಹಾಕಿದಾಗಲೂ ಅದೇ ಕೀ ಕಳಿಸಿದರೆ ಹಳೆಯ ತಿರಸ್ಕಾರವೋ ಹೊಸ ದೋಷದ ಸೂಚನೆಯೋ ಬರುತ್ತದೆ, ಹಣ ಕಟ್ಟಲು ಆಗುವುದೇ ಇಲ್ಲ. ಆದ್ದರಿಂದ ಒಂದು ಆರ್ಡರಿಗೆ ಹಲವು ಪಾವತಿ ಯತ್ನಗಳಿರಬಹುದು, ಪ್ರತಿ ಯತ್ನಕ್ಕೂ ತನ್ನದೇ ಕೀ ಇರಬೇಕು. ಆದರೆ ಹಿಂದಿನ ಯತ್ನ ಖಚಿತವಾಗಿ ವಿಫಲವಾಯಿತು ಎಂದು ತಿಳಿದ ಮೇಲಷ್ಟೇ ಹೊಸದನ್ನು ಹುಟ್ಟಿಸಬೇಕು. ಉತ್ತರ ಬಂದಿಲ್ಲ ಎಂಬುದು ವೈಫಲ್ಯವಲ್ಲ.

ನಮ್ಮ ದೇಶದಲ್ಲಿ ಈ ಕೊನೆಯ ಮಾತಿಗೆ ಬಹಳ ತೂಕವಿದೆ, ಕಾರಣ ಯುಪಿಐ. ಅಂಗಡಿಯ ಪುಟ ಬ್ರೌಸರಿನಲ್ಲಿದೆ, ಪಿನ್ ಹಾಕಿ ಒಪ್ಪುವುದು ಬೇರೆ ಆ್ಯಪಿನಲ್ಲಿ. ಆ್ಯಪಿನಿಂದ ಮರಳುವಷ್ಟರಲ್ಲಿ ಫೋನು ಬ್ರೌಸರಿನ ಪುಟವನ್ನು ನೆನಪಿನಿಂದ ತೆಗೆದುಹಾಕಿ ಮತ್ತೆ ಹೊಸದಾಗಿ ತೆರೆಯಬಹುದು. ಗ್ರಾಹಕರು ಏನೂ ಮಾಡದೆಯೇ ರಿಫ್ರೆಶ್ ಆಗಿಹೋಯಿತು! ಹಣ ಬಂದ ಸುದ್ದಿ ಪಾವತಿ ಕಂಪನಿಯಿಂದ ಅಂಗಡಿಯ ಸರ್ವರಿಗೆ ಪ್ರತ್ಯೇಕ ದಾರಿಯಲ್ಲಿ ಬರುತ್ತದೆ. ಅದು ಗ್ರಾಹಕರಿಗಿಂತ ಮೊದಲೂ ಬರಬಹುದು, ನಿಮಿಷ ತಡವಾಗಿಯೂ ಬರಬಹುದು, ಒಂದೇ ಸುದ್ದಿ ಎರಡು ಸಲವೂ ಬರಬಹುದು. ತಡವಾದಾಗ ಪುಟದಲ್ಲಿ ‘ಪಾವತಿ ಖಚಿತವಾಗುತ್ತಿದೆ, ಮತ್ತೆ ಕಟ್ಟಬೇಡಿ’ ಎಂದು ಇರಬೇಕು. ‘ಪಾವತಿ ವಿಫಲ’ ಎಂದು ತೋರಿಸಿದರೆ ಗ್ರಾಹಕರು ಮತ್ತೆ ಕಟ್ಟುತ್ತಾರೆ, ತಪ್ಪು ಅವರದಲ್ಲ. ಇದನ್ನು ಪರೀಕ್ಷಿಸಲು ಕಚೇರಿಯ ವೇಗದ ವೈ-ಫೈ ಉಪಯೋಗಕ್ಕೆ ಬರುವುದಿಲ್ಲ. ಪರೀಕ್ಷೆಯ ಸರ್ವರಿನಲ್ಲಿ ಹಣ ಕಡಿತವಾದ ನಂತರ, ಉತ್ತರ ಕೊಡುವ ಮುಂಚೆ, ಬೇಕೆಂದೇ ಹದಿನೈದು ಸೆಕೆಂಡು ತಡ ಮಾಡಿಸಬೇಕು. ಆ ಹದಿನೈದು ಸೆಕೆಂಡಿನಲ್ಲಿ ರಿಫ್ರೆಶ್ ಮಾಡಿ, ಮತ್ತೆ ಒತ್ತಿ, ಟ್ಯಾಬ್ ಮುಚ್ಚಿ ತೆರೆದು ನೋಡಬೇಕು.

ಇನ್ನು ಟ್ಯಾಬುಗಳು. ಈ ಮೂರರಲ್ಲಿ ಅತಿ ಕಡಿಮೆ ಪರೀಕ್ಷೆಗೊಳಗಾಗುವುದು ಇದೇ, ಅತಿ ಕೆಟ್ಟ ದೋಷಗಳು ಅಡಗಿರುವುದೂ ಇಲ್ಲೇ. 2003ರಲ್ಲಿ ಪಾಲ್ ಗ್ರೌಂಕೆ, ರಾಬರ್ಟ್ ಫಿಂಡ್ಲರ್, ಶ್ರೀರಾಮ್ ಕೃಷ್ಣಮೂರ್ತಿ, ಮಥಿಯಾಸ್ ಫೆಲೈಸನ್ ಎಂಬ ನಾಲ್ವರು ಸಂಶೋಧಕರು ವೆಬ್ ವ್ಯವಹಾರಗಳ ಬಗ್ಗೆ ಒಂದು ಪ್ರಬಂಧ ಬರೆದರು. ಆರ್ಬಿಟ್ಜ್ ಎಂಬ ಅಮೆರಿಕದ ಪ್ರಯಾಣ ತಾಣದಲ್ಲಿ ಕಂಡ ಒಂದು ವಿಚಿತ್ರವನ್ನು ಅವರು ವಿವರಿಸಿದ್ದರು. ಪಟ್ಟಿಯಿಂದ ಒಂದು ಆಯ್ಕೆಯನ್ನು ಒಂದು ಕಿಟಕಿಯಲ್ಲಿ, ಇನ್ನೊಂದನ್ನು ಬೇರೆ ಕಿಟಕಿಯಲ್ಲಿ ತೆರೆದು ಹೋಲಿಸಿ, ಕೊನೆಗೆ ಮೊದಲನೆಯ ಕಿಟಕಿಗೆ ಮರಳಿ ಕಾದಿರಿಸಿದರೆ, ಕಾದಿರಿಸಿದ್ದು ಎರಡನೆಯದಾಗಿರುತ್ತಿತ್ತು. ‘ಕೊನೆಗೆ ನೋಡಿದ್ದು ಯಾವುದು’ ಎಂದಷ್ಟೇ ಸರ್ವರ್ ನೆನಪಿಟ್ಟುಕೊಂಡಿತ್ತು. ಯಾವ ಕಿಟಕಿಯಿಂದ ಒತ್ತಿದರು ಎಂಬುದು ಅದಕ್ಕೆ ತಿಳಿಯುತ್ತಿರಲಿಲ್ಲ. ಇಂದಿನ ಟ್ಯಾಬುಗಳಲ್ಲಿ ಹುಟ್ಟುವ ದೋಷದ ಬೇರೂ ಇದೇ.

ನಮ್ಮ ಶಿಕ್ಷಕಿಗೆ ಮರಳೋಣ. ಮೊದಲ ಟ್ಯಾಬಿನಲ್ಲಿ ಪಾವತಿ ಪುಟ, ₹3,260. ಹಣ ಕಟ್ಟುವ ಮುನ್ನ ಎರಡನೆಯ ಟ್ಯಾಬಿನಲ್ಲಿ ಅಂಗಡಿ ತೆರೆದು, ₹2,400ರ ಇನ್ನೊಂದು ಸೀರೆ ಚೆನ್ನಾಗಿ ಕಂಡು ಕಾರ್ಟಿಗೆ ಹಾಕಿದರು. ಕಾರ್ಟಿನಲ್ಲೀಗ ಎರಡು ಸೀರೆ, ಡೆಲಿವರಿ ಸೇರಿ ₹5,660. ಆಮೇಲೆ ಅದು ಬೇಡವೆನಿಸಿತು, ಆದರೆ ತೆಗೆಯಲು ಮರೆತರು. ಮೊದಲ ಟ್ಯಾಬಿಗೆ ಮರಳಿದರು. ಅಲ್ಲಿ ಇನ್ನೂ ₹3,260 ಎಂದೇ ಇದೆ. ‘ಹಣ ಕಟ್ಟಿ’ ಒತ್ತಿದರು.

ಕೆಟ್ಟ ತಾಣ ₹5,660 ಕಡಿಯುತ್ತದೆ, ಎರಡು ಸೀರೆ ಕಳಿಸುತ್ತದೆ. ಇನ್ನೊಂದು ಬಗೆಯ ಕೆಟ್ಟ ತಾಣ ₹3,260 ಕಡಿದು ಎರಡು ಸೀರೆ ಕಳಿಸುತ್ತದೆ, ಏಕೆಂದರೆ ಮೊತ್ತ ಲೆಕ್ಕ ಹಾಕಿದ್ದು ಆಗ, ಕಾರ್ಟನ್ನು ಆರ್ಡರಾಗಿ ಬರೆದದ್ದು ಈಗ. ಸರಿಯಾದ ನಡತೆ ಎರಡು ಬಗೆಯಲ್ಲಿರಬಹುದು. ಒಂದು, ನಿಲ್ಲಿಸಿ ಹೇಳುವುದು: ‘ನಿಮ್ಮ ಕಾರ್ಟ್ ಬದಲಾಗಿದೆ, ಈಗ ಎರಡು ಸೀರೆ, ₹5,660. ಒಪ್ಪಿಗೆಯೇ?’ ಇದಕ್ಕಾಗಿ ಕಾರ್ಟ್ ಬದಲಾದಾಗಲೆಲ್ಲ ಏರುವ ಒಂದು ಆವೃತ್ತಿ ಸಂಖ್ಯೆಯನ್ನು ಪಾವತಿ ಪುಟದಲ್ಲಿ ಅಡಗಿಸಿಟ್ಟಿರುತ್ತಾರೆ. ಪುಟ 7 ಎಂದು ಕಳಿಸಿ ಸರ್ವರಿನಲ್ಲಿ 8 ಇದ್ದರೆ ಸರ್ವರ್ 409, ಅಂದರೆ ತಾಳೆಯಿಲ್ಲ ಎಂದು ಉತ್ತರಿಸುತ್ತದೆ, ಹಣ ಮುಟ್ಟುವುದಿಲ್ಲ. ಇನ್ನೊಂದು, ಪ್ರತಿ ಟ್ಯಾಬಿನ ಖರೀದಿಗೂ ಬೇರೆ `checkout_id` ಕೊಟ್ಟು ಆಗಿನ ಕಾರ್ಟನ್ನು ಅದರೊಳಗೆ ಹಾಗೆಯೇ ಉಳಿಸುವುದು. ಆಗ ಮೊದಲ ಟ್ಯಾಬ್ ಒಂದೇ ಸೀರೆ, ₹3,260 ಎಂದೇ ನಡೆಯುತ್ತದೆ. ಬಸ್ಸು, ವಿಮಾನದ ಟಿಕೆಟ್ಟುಗಳಿಗೆ ಎರಡನೆಯದು ಸರಿ, ಜನ ಹೋಲಿಸುವುದೇ ಅಲ್ಲಿನ ಕೆಲಸ. ಒಂದೇ ಕಾರ್ಟ್ ಇರುವ ಸೀರೆ ಅಂಗಡಿಗೆ ಮೊದಲನೆಯದೇ ಮೇಲು ಎಂದು ನನ್ನ ಅಭಿಪ್ರಾಯ. ಏನಾಗಬೇಕು ಎಂಬುದನ್ನು ಪರೀಕ್ಷಕರು ತಾವೇ ಊಹಿಸಬಾರದು, ಅಂಗಡಿಯವರನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. ಬಹಳ ಸಲ ಆ ಪ್ರಶ್ನೆ ಕೇಳಿದಾಗಲೇ ಅದನ್ನು ಯಾರೂ ಯೋಚಿಸಿಲ್ಲವೆಂದು ತಿಳಿಯುತ್ತದೆ.

ಎರಡನೆಯ ಟ್ಯಾಬನ್ನು ಹೇಗೆ ತೆರೆದರು ಎಂಬುದೂ ಮುಖ್ಯ. ಲಾಗಿನ್ ಗುರುತು ಹೊತ್ತ ಕುಕೀಗಳು ಒಂದು ಬ್ರೌಸರಿನ ಎಲ್ಲ ಟ್ಯಾಬುಗಳಿಗೂ ಒಂದೇ. ಆದರೆ `sessionStorage` ಎಂಬ ಜಾಗ ಪ್ರತಿ ಟ್ಯಾಬಿಗೆ ಪ್ರತ್ಯೇಕ. ಹೊಸ ಟ್ಯಾಬಿನಲ್ಲಿ ವಿಳಾಸ ಟೈಪ್ ಮಾಡಿ ತೆರೆದರೆ ಅದು ಖಾಲಿ. ಇರುವ ಟ್ಯಾಬಿನ ಮೇಲೆ ರೈಟ್ ಕ್ಲಿಕ್ ಮಾಡಿ ನಕಲು ತೆಗೆದರೆ ಅದರ ಪ್ರತಿ ಹೊಸ ಟ್ಯಾಬಿಗೂ ಬರುತ್ತದೆ, ಆಮೇಲೆ ಎರಡೂ ಬೇರೆ ಬೇರೆ ದಾರಿ ಹಿಡಿಯುತ್ತವೆ. ‘ಟ್ಯಾಬಿಗೊಂದು ಗುರುತು’ ಎಂದು ಅದರಲ್ಲಿ ಸಂಖ್ಯೆ ಬರೆದಿಟ್ಟ ಪ್ರೋಗ್ರಾಮಿಗೆ ನಕಲು ಟ್ಯಾಬುಗಳೆರಡೂ ಒಂದೇ ಎಂದು ಕಾಣುತ್ತವೆ. ಎರಡೂ ವಿಧದಲ್ಲಿ ತೆರೆದು ಪರೀಕ್ಷಿಸದಿದ್ದರೆ ಇದು ಕಣ್ಣು ತಪ್ಪುತ್ತದೆ.

ಎರಡೂ ಟ್ಯಾಬುಗಳನ್ನು ಪಾವತಿ ಪುಟದವರೆಗೆ ತಂದು, ಮೊದಲನೆಯದರಲ್ಲಿ ಹಣ ಕಟ್ಟಿ ಮುಗಿಸಿ, ಆಮೇಲೆ ಎರಡನೆಯದರಲ್ಲಿ ಒತ್ತುವುದು ಮುಂದಿನ ಪರೀಕ್ಷೆ. ಮೊದಲ ಆರ್ಡರ್ ಆದಾಗ ಕಾರ್ಟ್ ಖಾಲಿಯಾಗಿದೆ. ಕೆಲವು ತಾಣಗಳು ಖಾಲಿ ಕಾರ್ಟನ್ನೇ ಆರ್ಡರ್ ಮಾಡಿ, ಸೀರೆಯೇ ಇಲ್ಲದೆ ₹60 ಡೆಲಿವರಿ ಶುಲ್ಕ ಕಡಿಯುತ್ತವೆ. ಕೊನೆಯದಾಗಿ, ಎರಡನ್ನೂ ಒಂದೇ ಕ್ಷಣದಲ್ಲಿ ಒತ್ತಬೇಕು. ಮನುಷ್ಯರ ಕೈಗೆ ಇದು ಆಗದು, ಇಲ್ಲಿ ಪ್ಲೇರೈಟ್ ನೆರವಿಗೆ ಬರುತ್ತದೆ. ಅದರ ಒಂದೇ `context` ಒಳಗೆ ಎರಡು ಪುಟ ತೆರೆಯಬೇಕು. ಎರಡು `context` ತೆರೆದರೆ ಕುಕೀಗಳು ಬೇರೆಯಾಗಿ, ಇಬ್ಬರು ಬೇರೆ ಗ್ರಾಹಕರಂತಾಗಿ, ಪರೀಕ್ಷೆಗೆ ಅರ್ಥವೇ ಇರುವುದಿಲ್ಲ.

```
const a = await context.newPage();
const b = await context.newPage();
// ಎರಡನ್ನೂ ಪಾವತಿ ಪುಟದವರೆಗೆ ತಂದ ಮೇಲೆ:
await Promise.all([a.click('#pay'), b.click('#pay')]);
```

ಒಮ್ಮೆ ಓಡಿಸಿ ಸರಿಬಂತೆಂದು ಬಿಡಬಾರದು. ಇಂಥ ದೋಷ ಹತ್ತು ಸಲದಲ್ಲಿ ಒಮ್ಮೆ ಕಾಣಿಸಿಕೊಳ್ಳಬಹುದು, ಆದ್ದರಿಂದ ಮತ್ತೆ ಮತ್ತೆ ಓಡಿಸಬೇಕು. ಒಂದೇ ಸಲ ಬಳಸಬಹುದಾದ ಕೂಪನ್, ದಾಸ್ತಾನಿನಲ್ಲಿ ಉಳಿದ ಕೊನೆಯ ಸೀರೆ, ಎರಡನ್ನೂ ಇದೇ ರೀತಿ ಪರೀಕ್ಷಿಸಬೇಕು. ಮತ್ತು ಫಲಿತಾಂಶವನ್ನು ಪರದೆಯ ಮೇಲೆ ಹುಡುಕಬಾರದು. ಎರಡು ಟ್ಯಾಬಿನಲ್ಲೂ ‘ಆರ್ಡರ್ ಆಗಿದೆ’ ಎಂದು ಬಂದರೂ ಒಂದೇ ಆರ್ಡರ್ ಆಗಿರಬಹುದು, ಅದು ಸರಿಯೇ. ಒಂದರಲ್ಲಿ ದೋಷ ಎಂದು ಬಂದರೂ ಹಿಂದೆ ಎರಡು ಸಲ ಹಣ ಕಡಿದಿರಬಹುದು. ಡೇಟಾಬೇಸಿನಲ್ಲಿ ಆರ್ಡರುಗಳೆಷ್ಟು, ಪಾವತಿ ಕಂಪನಿಯ ಪರೀಕ್ಷಾ ಖಾತೆಯಲ್ಲಿ ಪಾವತಿಗಳೆಷ್ಟು, ಗ್ರಾಹಕರಿಗೆ ಹೋದ ಎಸ್‌ಎಂಎಸ್ ಎಷ್ಟು, ಇವುಗಳನ್ನು ಎಣಿಸಬೇಕು. ಮೂರೂ ಕಡೆ ಒಂದು ಎಂದಿದ್ದರೆ ಮಾತ್ರ ಪರೀಕ್ಷೆ ಗೆದ್ದಿತು.

ಇಷ್ಟೆಲ್ಲ ಪರೀಕ್ಷೆ ಎಲ್ಲ ತಾಣಗಳಲ್ಲೂ ಆಗುತ್ತಿಲ್ಲ, ಆದ್ದರಿಂದ ಕೊಳ್ಳುವವರಿಗೂ ಒಂದು ಮಾತು. ಹಣ ಕಟ್ಟುವಾಗ ಪುಟ ನಿಂತುಹೋದರೆ ಮತ್ತೆ ಕಟ್ಟುವ ಮುಂಚೆ ತಾಣದ ‘ನನ್ನ ಆರ್ಡರ್‌ಗಳು’ ಪುಟವನ್ನೂ ಬ್ಯಾಂಕಿನ ಎಸ್‌ಎಂಎಸ್ ಅನ್ನೂ ನೋಡಿ. ಖಾತೆಯಿಂದ ಹಣ ಹೋಗಿ ಅಂಗಡಿಗೆ ಖಚಿತ ಸುದ್ದಿ ಮುಟ್ಟದೇ ಇದ್ದಲ್ಲಿ, 2019ರ ಸೆಪ್ಟೆಂಬರ್ 20ರ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಕಾರ ಆ ಹಣ ವಹಿವಾಟಿನ ದಿನದಿಂದ ಐದು ದಿನಗಳೊಳಗೆ ತಾನಾಗಿ ಖಾತೆಗೆ ಮರಳಬೇಕು. ತಡವಾದರೆ ದಿನಕ್ಕೆ ₹100ರಂತೆ ಪರಿಹಾರ ಕೊಡಬೇಕು. ಯುಪಿಐ ಮೂಲಕ ಅಂಗಡಿಗೆ ಕಟ್ಟಿದ್ದಕ್ಕೂ, ಆನ್‌ಲೈನಿನಲ್ಲಿ ಕಾರ್ಡಿನಿಂದ ಕಟ್ಟಿದ್ದಕ್ಕೂ ಇದು ಅನ್ವಯಿಸುತ್ತದೆ. ಆದರೆ ಅದು ವಿಫಲವಾದ ವಹಿವಾಟುಗಳಿಗೆ ಮಾತ್ರ. ಎರಡು ಸಲ ಕಟ್ಟಿ ಎರಡೂ ಯಶಸ್ವಿಯಾಗಿದ್ದರೆ ಬ್ಯಾಂಕಿನ ಲೆಕ್ಕದಲ್ಲಿ ಯಾವ ದೋಷವೂ ಇಲ್ಲ, ಆ ಹಣವನ್ನು ಅಂಗಡಿಯಿಂದಲೇ ಕೇಳಿ ಪಡೆಯಬೇಕು.